ಕ್ಲಿನಿಕಲ್ ಪೋಸ್ಟಿಂಗ್ ಅನುಭವದ ಗುಣಾತ್ಮಕ ಅಧ್ಯಯನ: ಪ್ರಸ್ತಾವನೆಯ ಇತಿಹಾಸ ಮತ್ತು ವಿಧಾನ

ನರ್ಸಿಂಗ್ ವಿದ್ಯಾರ್ಥಿಗಳು ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆಯುವ ತರಬೇತಿ ಅವಧಿಗೆ ಕ್ಲಿನಿಕಲ್ ಪೋಸ್ಟಿಂಗ್ ಎನ್ನುತ್ತಾರೆ. ಆ ಅವಧಿಯನ್ನು ವಿದ್ಯಾರ್ಥಿಗಳು ಹೇಗೆ ಅನುಭವಿಸಿದರು ಎಂಬುದನ್ನು ಅವರ ಮಾತಿನ ಮೂಲಕವೇ ತಿಳಿಯುವುದು ಗುಣಾತ್ಮಕ ಅಧ್ಯಯನ. ಅದನ್ನು ಕೈಗೊಳ್ಳುವ ಮುನ್ನ ಪ್ರಶ್ನೆ, ಆಯ್ಕೆ, ಸಂದರ್ಶನ, ವಿಶ್ಲೇಷಣೆ ಮತ್ತು ನೈತಿಕ ರಕ್ಷಣೆಗಳನ್ನು ಬರೆದು ಒಪ್ಪಿಸುವ ದಾಖಲೆಯೇ ಪ್ರಸ್ತಾವನೆ. ಬೆಂಗಳೂರಿನ ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ‘ಸಿನಾಪ್ಸಿಸ್’ ಎಂದು ಕರೆಯುತ್ತಾರೆ. ಅಳತೆಗೆಂದು ರೂಪಿಸಿದ ನಮೂನೆಯೊಳಗೆ ಅನುಭವದ ಅಧ್ಯಯನವನ್ನು ಕೂರಿಸಬೇಕಾಗಿ ಬಂದುದೇ ಕರ್ನಾಟಕದಲ್ಲಿ ಇದರ ಇತಿಹಾಸದ ಮುಖ್ಯ ಎಳೆ.

ಹಿನ್ನೆಲೆ

ವಾರ್ಡನ್ನು ಕಲಿಕೆಯ ತಾಣವಾಗಿ ನೋಡುವ ಸಂಶೋಧನೆ ಮೊದಲು ಬೆಳೆದದ್ದು ಬ್ರಿಟನ್‌ನಲ್ಲಿ. 1980ರ ದಶಕದ ಆರಂಭದಲ್ಲಿ ಹೆಲೆನ್ ಆರ್ಟನ್ ಮತ್ತು ಜೋನ್ ಫ್ರೆಟ್‌ವೆಲ್ ವಾರ್ಡಿನ ವಾತಾವರಣವನ್ನು ಅಧ್ಯಯನ ಮಾಡಿದರು. 1987ರಲ್ಲಿ ಕ್ಯಾತ್ ಮೀಲಿಯಾ ಸ್ಕಾಟ್ಲೆಂಡಿನ ವಿದ್ಯಾರ್ಥಿಗಳ ಸಂದರ್ಶನಗಳನ್ನು ಆಧರಿಸಿ ‘ಲರ್ನಿಂಗ್ ಅಂಡ್ ವರ್ಕಿಂಗ್’ ಪ್ರಕಟಿಸಿದರು. ಕಾಲೇಜು ಹೇಳುವ ನರ್ಸಿಂಗ್ ಬೇರೆ, ವಾರ್ಡು ಬಯಸುವ ನರ್ಸಿಂಗ್ ಬೇರೆ. ವಿದ್ಯಾರ್ಥಿಗಳು ಎರಡರ ನಡುವೆ ಹೊಂದಿಕೊಂಡು ದಾಟಿಹೋಗುತ್ತಾರೆ ಎಂಬುದು ಅವರ ವಾದ. ಮುಂದಿನ ದಶಕಗಳಲ್ಲಿ ಪ್ರವಾಹ ಮಾಪನಗಳ ಕಡೆಗೂ ತಿರುಗಿತು. ಫಿನ್‌ಲೆಂಡಿನ ಸಾರಿಕೋಸ್ಕಿ ಮತ್ತು ಲೈನೊ-ಕಿಲ್ಪಿ 2002ರಲ್ಲಿ ಪ್ರಕಟಿಸಿದ ಸಿಎಲ್‌ಇಎಸ್ ಮಾಪನ ಅನೇಕ ದೇಶಗಳಲ್ಲಿ ಬಳಕೆಗೆ ಬಂತು.

ಕರ್ನಾಟಕದಲ್ಲಿ ಸಿನಾಪ್ಸಿಸ್ ನಮೂನೆ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಕಾರ್ಯಾರಂಭ ಮಾಡಿತು. ಅದರ ಕಚೇರಿ ಜಯನಗರದ 4ನೇ ಟಿ ಬ್ಲಾಕ್‌ನಲ್ಲಿದೆ. ರಾಜ್ಯದ ಬಹುಪಾಲು ನರ್ಸಿಂಗ್ ಕಾಲೇಜುಗಳು ಒಂದೇ ವಿಶ್ವವಿದ್ಯಾಲಯದ ಅಡಿಗೆ ಬಂದಾಗ ಪ್ರಬಂಧ ನೋಂದಣಿಗೂ ಒಂದೇ ನಮೂನೆ ಬಂತು. ಅದರ 6ನೇ ಅಂಕಣ ಅಧ್ಯಯನದ ಅಗತ್ಯ, ಸಾಹಿತ್ಯ ಪರಾಮರ್ಶೆ ಮತ್ತು ಉದ್ದೇಶಗಳನ್ನು ಕೇಳುತ್ತದೆ. 7ನೇ ಅಂಕಣದಲ್ಲಿ ದತ್ತಾಂಶದ ಮೂಲ, ಸಂಗ್ರಹದ ವಿಧಾನ, ರೋಗಿಗಳ ಅಥವಾ ಇತರ ಮನುಷ್ಯರ ಮೇಲೆ ಪರೀಕ್ಷೆ ಇಲ್ಲವೇ ಚಿಕಿತ್ಸಾ ಕ್ರಮ ಬೇಕೇ, ನೈತಿಕ ಸಮಿತಿಯ ಅನುಮತಿ ಸಿಕ್ಕಿದೆಯೇ ಎಂಬ ವಿವರಗಳಿರುತ್ತವೆ. ನರ್ಸಿಂಗ್ ವಿಭಾಗದಲ್ಲಿ ಇವುಗಳ ಜೊತೆಗೆ ಪ್ರಾಕ್ಕಲ್ಪನೆ, ಚರಾಂಶಗಳು, ಕಾರ್ಯನಿರ್ವಾಹಕ ವ್ಯಾಖ್ಯೆಗಳು ಮತ್ತು ಮಾದರಿಯ ಗಾತ್ರವನ್ನೂ ಬರೆಯುವುದು ರೂಢಿಯಾಯಿತು.

ಈ ಚೌಕಟ್ಟಿಗೆ ಸಲೀಸಾಗಿ ಹೊಂದಿದ್ದು ಬೋಧನಾ ಕಾರ್ಯಕ್ರಮದ ಮೊದಲು ಮತ್ತು ನಂತರ ಜ್ಞಾನವನ್ನು ಅಳೆಯುವ ಪ್ರಬಂಧ. ಅನುಭವ ಕುರಿತ ಸಿನಾಪ್ಸಿಸ್‌ಗೆ ಎರಡು ಕಡೆ ತೊಡಕಾಯಿತು. ಪ್ರಾಕ್ಕಲ್ಪನೆಯ ಜಾಗದಲ್ಲಿ ಬರೆಯಲು ಅದಕ್ಕೆ ಏನೂ ಇರಲಿಲ್ಲ. ಎಷ್ಟು ಜನರನ್ನು ಮಾತಾಡಿಸಬೇಕೆಂಬುದೂ ಮೊದಲೇ ನಿಶ್ಚಯವಾಗುವ ಸಂಗತಿಯಲ್ಲ. ಪ್ರಾಕ್ಕಲ್ಪನೆಯ ಬದಲು ಸಂಶೋಧನಾ ಪ್ರಶ್ನೆಯನ್ನೇ ಕೊಡುವುದು, ಗಾತ್ರದ ಬದಲು ಕಾರಣ ಸಹಿತವಾದ ಒಂದು ವ್ಯಾಪ್ತಿಯನ್ನು ಬರೆಯುವುದು ಇದಕ್ಕೆ ಸರಿಯಾದ ಪರಿಹಾರ. ಪ್ರಾಕ್ಕಲ್ಪನೆ ಕಡ್ಡಾಯವೆಂದು ತಿಳಿದು ‘ಅನುಭವಕ್ಕೂ ವಯಸ್ಸಿಗೂ ಸಂಬಂಧವಿದೆ’ ಎಂಬಂಥ ವಾಕ್ಯವನ್ನು ತುರುಕಿದರೆ ಹತ್ತು-ಹದಿನೈದು ಜನರ ಸಂದರ್ಶನದಿಂದ ಅದನ್ನು ಪರೀಕ್ಷಿಸುವುದು ಸಾಧ್ಯವಿಲ್ಲ. ಪ್ರಸ್ತಾವನೆ ತನ್ನೊಳಗೇ ವಿರೋಧವನ್ನು ಕಟ್ಟಿಕೊಳ್ಳುತ್ತದೆ.

ವಿವಾದದ ಎರಡು ಅಂಶಗಳು

ಮೊದಲನೆಯದು ವಿಶ್ಲೇಷಣೆಯ ಹೆಸರು. ಪಾಲ್ ಕೊಲೈಝಿ 1978ರಲ್ಲಿ ವಿವರಿಸಿದ ಏಳು ಹಂತಗಳು ಘಟನಾವಿಜ್ಞಾನಕ್ಕೆ ಸೇರಿದವು; ಒಂದು ಅನುಭವದ ತಿರುಳೇನು ಎಂದು ಹುಡುಕಿ, ಬರೆದುದನ್ನು ಭಾಗಿಗಳ ಬಳಿಗೆ ಮರಳಿ ಒಯ್ಯಬೇಕು ಎನ್ನುತ್ತವೆ. ವರ್ಜಿನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಮನೋವಿಜ್ಞಾನಕ್ಕಾಗಿ ಬರೆದ ಆರು ಹಂತಗಳ ವಿಷಯಾಧಾರಿತ ವಿಶ್ಲೇಷಣೆ ಹಲವರ ಮಾತಿನಲ್ಲಿ ಹರಡಿರುವ ಅರ್ಥದ ವಿನ್ಯಾಸವನ್ನು ಹುಡುಕುತ್ತದೆ. ಪ್ರಸ್ತಾವನೆ ತನ್ನನ್ನು ಘಟನಾವಿಜ್ಞಾನವೆಂದು ಕರೆದುಕೊಂಡು, ವಿಶ್ಲೇಷಣೆಗೆ ಬ್ರೌನ್-ಕ್ಲಾರ್ಕ್ ಹಂತಗಳನ್ನು ನಕಲಿಸಿ, ಕೊನೆಗೆ ಕೊಲೈಝಿಯ ಮರುಪರಿಶೀಲನೆಯನ್ನೂ ಸೇರಿಸಿದರೆ ಅಧ್ಯಯನ ಏನನ್ನು ಹುಡುಕುತ್ತಿದೆಯೆಂಬುದೇ ಅಸ್ಪಷ್ಟವಾಗುತ್ತದೆ. 2019ರಲ್ಲಿ ಬ್ರೌನ್ ಮತ್ತು ಕ್ಲಾರ್ಕ್ ತಮ್ಮ ಕ್ರಮವನ್ನು ‘ಆತ್ಮಾವಲೋಕಿ’ ಎಂದು ವಿಶೇಷಿಸಿದರು: ಥೀಮ್‌ಗಳು ತಾವಾಗಿ ಹೊಮ್ಮುವುದಿಲ್ಲ, ಸಂಶೋಧಕರು ಅವನ್ನು ಕಟ್ಟುತ್ತಾರೆ.

ಎರಡನೆಯದು ಸಂಖ್ಯೆ. ಗೆಸ್ಟ್, ಬನ್ಸ್ ಮತ್ತು ಜಾನ್ಸನ್ 2006ರಲ್ಲಿ ಘಾನಾ ಮತ್ತು ನೈಜೀರಿಯಾದ 60 ಮಹಿಳೆಯರ ಸಂದರ್ಶನಗಳನ್ನು ಪರಿಶೀಲಿಸಿ, ಹೊಸ ಸಂಕೇತಗಳು ಬಹುಪಾಲು ಮೊದಲ 12 ಸಂದರ್ಶನಗಳಲ್ಲೇ ಸಿಕ್ಕವು ಎಂದರು. ಸಮಾನ ಹಿನ್ನೆಲೆಯ ಗುಂಪಿಗೆ, ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿದಾಗ ಬಂದ ಫಲಿತಾಂಶ ಅದು. ಆ ಷರತ್ತುಗಳನ್ನು ಕೈಬಿಟ್ಟು 12 ಎಂಬುದನ್ನು ಮಾತ್ರ ಉಲ್ಲೇಖಿಸುವ ಅಭ್ಯಾಸ ಬೆಳೆಯಿತು. ಹೊಸದೇನೂ ಸಿಗದ ಹಂತವೆಂಬ ‘ಸಂತೃಪ್ತಿ’ಯ ಕಲ್ಪನೆ ತಮ್ಮ ಕ್ರಮಕ್ಕೆ ಒಗ್ಗುವುದಿಲ್ಲವೆಂದು ಬ್ರೌನ್ ಮತ್ತು ಕ್ಲಾರ್ಕ್ 2021ರಲ್ಲಿ ವಾದಿಸಿದರು. ಪ್ರಶ್ನೆ ಎಷ್ಟು ಕಿರಿದು, ಸಂದರ್ಶನ ಎಷ್ಟು ಆಳ ಎಂಬುದರ ಮೇಲೆ ಸಂಖ್ಯೆ ನಿಲ್ಲುತ್ತದೆ ಎನ್ನುವ ಮಾಲ್ಟೆರೂಡ್ ಮತ್ತು ಸಂಗಡಿಗರ 2016ರ ‘ಮಾಹಿತಿ ಬಲ’ದ ವಾದ ಪ್ರಸ್ತಾವನೆಗೆ ಹೆಚ್ಚು ನೆರವಾಗುತ್ತದೆ.

ಮಾದರಿ ಪ್ರಸ್ತಾವನೆ: ದಕ್ಷಿಣ ಬೆಂಗಳೂರು

ಸುಬ್ರಹ್ಮಣ್ಯಪುರದ ಸುತ್ತಿನ ಒಂದು ಕಾಲೇಜನ್ನು ವಿವರಣೆಗಾಗಿ ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಇಂಥ ಕಾಲೇಜುಗಳಲ್ಲಿ ಕನ್ನಡದವರ ಜೊತೆ ಕೇರಳ ಮತ್ತು ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳೂ ಓದುತ್ತಾರೆ. ವಾರ್ಡಿನಲ್ಲಿ ಅನೇಕ ರೋಗಿಗಳು ಕನ್ನಡ ಮಾತ್ರ ಬಲ್ಲವರು. ‘ಪೋಸ್ಟಿಂಗ್ ಅನುಭವ’ ಎಂಬ ಪ್ರಶ್ನೆ ಬಹಳ ಅಗಲ. ‘ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡುಗಳಲ್ಲಿ ಮೊದಲ ಪೋಸ್ಟಿಂಗ್ ಮುಗಿಸಿದ ಬಿ.ಎಸ್ಸಿ. ವಿದ್ಯಾರ್ಥಿಗಳು ಕೆಲಸ ಮತ್ತು ಕಲಿಕೆಯನ್ನು ಹೇಗೆ ಅನುಭವಿಸುತ್ತಾರೆ?’ ಎಂದರೆ ಕೈಗೆ ಸಿಗುವಷ್ಟಾಗುತ್ತದೆ. ಕನ್ನಡ ಮನೆಮಾತಿನವರು ಮತ್ತು ಅಲ್ಲದವರು, ಹುಡುಗಿಯರು ಮತ್ತು ಹುಡುಗರು ಇರುವಂತೆ ಉದ್ದೇಶಪೂರ್ವಕವಾಗಿ 12ರಿಂದ 16 ಮಂದಿಯನ್ನು ಆಯಬಹುದು. ಸೆಮಿಸ್ಟರ್ ಆಧಾರಿತ ಹೊಸ ಬಿ.ಎಸ್ಸಿ. ಪಠ್ಯಕ್ರಮ 2021ರಲ್ಲಿ ಅಧಿಸೂಚಿತವಾದುದರಿಂದ ‘ಎರಡನೇ ವರ್ಷದವರು’ ಎಂದು ಬರೆದರೆ ಸಾಲದು, ಸೆಮಿಸ್ಟರ್ ಹೆಸರಿಸಬೇಕು.

ಅತಿ ದೊಡ್ಡ ಅಪಾಯ ಸಂದರ್ಶಕರ ಅಧಿಕಾರದಿಂದ ಬರುತ್ತದೆ. ಇಂಟರ್ನಲ್ ಮಾರ್ಕ್ಸ್ ಕೊಡುವ ಮೇಡಂ ಎದುರು ಕೂತು ಪೋಸ್ಟಿಂಗ್ ಬಗ್ಗೆ ಕಹಿ ಹೇಳುವವರು ಕಡಿಮೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ವಿದ್ಯಾರ್ಥಿಗಳನ್ನು ಅಧೀನ ಸ್ಥಾನದಲ್ಲಿರುವವರೆಂದು ಗುರುತಿಸಿ ಹೆಚ್ಚಿನ ರಕ್ಷಣೆ ಕೇಳುತ್ತದೆ. ಆದ್ದರಿಂದ ಬೇರೆ ಕಾಲೇಜಿನ ಸಂದರ್ಶಕರು, ಅಂಕಗಳು ಸಲ್ಲಿಕೆಯಾದ ಮೇಲೆ, ವಾರ್ಡು ಮತ್ತು ಸ್ಟಾಫ್ ರೂಮಿನಿಂದ ದೂರದ ಕೋಣೆಯಲ್ಲಿ ಮಾತಾಡಿಸುವುದು ಒಳ್ಳೆಯದು. ಹೆಸರು ತೆಗೆದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಬ್ಯಾಚಿನಲ್ಲಿ ಮಣಿಪುರದ ಹುಡುಗ ಒಬ್ಬನೇ ಇದ್ದರೆ ರಾಜ್ಯದ ಉಲ್ಲೇಖವೇ ಸಾಕು. ಅಂಥ ವಿವರವನ್ನು ಸಾಮಾನ್ಯೀಕರಿಸಬೇಕು. ರೋಗಿಗೆ ಹಾನಿಯಾಗುತ್ತಿರುವ ಸಂಗತಿ ಹೊರಬಂದರೆ ಗೌಪ್ಯತೆಯ ಮಿತಿ ಏನೆಂಬುದನ್ನು ಸಮ್ಮತಿ ಪತ್ರದಲ್ಲೇ ಹೇಳಿರಬೇಕು.

ಸಂದರ್ಶನ ಮಾರ್ಗದರ್ಶಿ

ಮುಕ್ಕಾಲು ಗಂಟೆಯ ಮಾತಿಗೆ ಆರು ಪ್ರಶ್ನೆಗಳು ಸಾಕು. ಅಭಿಪ್ರಾಯಕ್ಕಿಂತ ನಡೆದ ಸಂಗತಿಯನ್ನು ಕೇಳುವ ಕ್ರಮ ಹೆಚ್ಚು ಫಲ ಕೊಡುತ್ತದೆ.

1. ಮೊದಲ ಸಲ ವಾರ್ಡಿಗೆ ಹೋದ ದಿನ ಬೆಳಗ್ಗೆಯಿಂದ ಏನೇನಾಯಿತು, ಹೇಳಿ.
2. ಇವತ್ತು ಏನೋ ಕಲಿತೆ ಅಂತ ಅನ್ನಿಸಿದ ಒಂದು ದಿನದ ಬಗ್ಗೆ ಹೇಳಿ. ಆಗ ಹತ್ತಿರ ಯಾರಿದ್ದರು?
3. ವಾರ್ಡಿನಲ್ಲಿ ಏನಾದರೂ ಗೊತ್ತಾಗದೆ ಇದ್ದಾಗ ಏನು ಮಾಡಿದಿರಿ? ಇತ್ತೀಚಿನ ಒಂದು ಸಂದರ್ಭ ಹೇಳಿ.
4. ರೋಗಿಗಳ ಜೊತೆ, ಅವರ ಮನೆಯವರ ಜೊತೆ ಹೇಗೆ ಮಾತಾಡುತ್ತಿದ್ದಿರಿ? ಯಾವ ಭಾಷೆಯಲ್ಲಿ?
5. ಕಾಲೇಜಿನಲ್ಲಿ ಕಲಿತ ರೀತಿಗೂ ಅಲ್ಲಿ ಮಾಡುವ ರೀತಿಗೂ ಹೋಲಿಸಿದರೆ ನಿಮಗೆ ಏನು ಕಂಡಿತು? ಆಗ ಏನು ಮಾಡಿದಿರಿ?
6. ನಾನು ಕೇಳದೆ ಬಿಟ್ಟದ್ದು ಏನಾದರೂ ಇದೆಯೇ?

ನಾಲ್ಕನೆಯದನ್ನು ‘ಭಾಷೆಯ ತೊಂದರೆ ಆಯಿತೇ?’ ಎಂದು ಕೇಳಿದರೆ ತೊಂದರೆ ಇದೆಯೆಂದು ಮೊದಲೇ ಹೇಳಿಕೊಟ್ಟಂತೆ, ಉತ್ತರವೂ ‘ಹೌದು’ ‘ಇಲ್ಲ’ಗಳಲ್ಲಿ ಮುಗಿಯುತ್ತದೆ. ಮೊದಲ ಎರಡು ಸಂದರ್ಶನಗಳ ಲಿಖಿತ ಪ್ರತಿಯಲ್ಲಿ ಸಂದರ್ಶಕರ ಮಾತೇ ಹೆಚ್ಚಿದ್ದರೆ ಅಥವಾ ಉತ್ತರಗಳು ಒಂದು ಸಾಲಿನಲ್ಲಿ ನಿಂತರೆ ಮಾರ್ಗದರ್ಶಿಯನ್ನು ತಿದ್ದಬೇಕೆಂದು ಅರ್ಥ.

ವಿಶ್ಲೇಷಣೆಯ ಆರು ಹಂತಗಳು

ಬ್ರೌನ್-ಕ್ಲಾರ್ಕ್ ಕ್ರಮದಲ್ಲಿ ಮೊದಲ ಹಂತ ಧ್ವನಿಮುದ್ರಣ ಕೇಳಿ, ಲಿಖಿತ ಪ್ರತಿಯನ್ನು ಮತ್ತೆ ಮತ್ತೆ ಓದುವುದು. ವಿದ್ಯಾರ್ಥಿ ಮಲಯಾಳದಲ್ಲಿ ಮಾತಾಡಿದ್ದರೆ ಆ ಭಾಷೆಯಲ್ಲೇ ಓದಿ ಸಂಕೇತಿಸಿ, ಉದ್ಧರಿಸುವ ಭಾಗವನ್ನಷ್ಟೇ ಅನುವಾದಿಸಿದರೆ ಅರ್ಥ ಕಡಿಮೆ ಸೋರುತ್ತದೆ. ಎರಡನೆಯದು ಸಂಕೇತನ. ವಿವರಣೆಗಾಗಿ ರಚಿಸಿದ ಒಂದು ಮಾತು ಹೀಗಿದೆ: ‘ಸಿಸ್ಟರ್ ಬಿಪಿ ನೋಡಿ ಅಂದರು. ಇಡೀ ವಾರ್ಡ್ ನೋಡಿದೆ, ಚಾರ್ಟ್ ಎಲ್ಲ ನಾನೇ ಬರೆದೆ. ಯಾರಿಗೆ ಏನು ಕಾಯಿಲೆ ಅಂತ ಮಾತ್ರ ಗೊತ್ತಿರಲಿಲ್ಲ.’ ಇದಕ್ಕೆ ‘ಬಿಪಿ’ ಎಂದು ಹೆಸರಿಟ್ಟರೆ ಸಂಕೇತ ಏನನ್ನೂ ಹೇಳುವುದಿಲ್ಲ. ‘ಒಂದೇ ಕೆಲಸ, ಎಲ್ಲ ಹಾಸಿಗೆಗೂ’ ಎಂಬುದು ಮಾತಿನ ಮೇಲ್ಮೈಯನ್ನು ಹಿಡಿಯುತ್ತದೆ. ‘ಕೆಲಸ ಮಾಡಿದರೂ ರೋಗಿಯ ಪರಿಚಯವಿಲ್ಲ’ ಎಂಬುದು ಒಳಗಿನ ಅರ್ಥವನ್ನು ಹಿಡಿಯುತ್ತದೆ.

ಮೂರನೇ ಹಂತದಲ್ಲಿ ಸಂಬಂಧಿಸಿದ ಸಂಕೇತಗಳನ್ನು ಕೂಡಿಸಿ ತಾತ್ಕಾಲಿಕ ಥೀಮ್ ಕಟ್ಟುತ್ತಾರೆ. ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲೇ: ‘ಸಿಬ್ಬಂದಿ’, ‘ಭಾಷೆ’, ‘ಸೌಲಭ್ಯ’ ಎಂಬ ಶೀರ್ಷಿಕೆಗಳು ವಿಷಯಗಳಷ್ಟೇ, ಅವೇ ಮಾರ್ಗದರ್ಶಿಯ ಪ್ರಶ್ನೆಗಳನ್ನು ಹೋಲುತ್ತಿದ್ದರೆ ವಿಶ್ಲೇಷಣೆ ನಡೆದಿಲ್ಲ. ಥೀಮ್ ಎಂದರೆ ಒಂದು ಮಾತು ಹೇಳಬೇಕು. ಉದಾಹರಣೆಗೆ, ‘ವಾರ್ಡಿನ ಕೆಲಸಕ್ಕೆ ಬೇಕು, ಕಲಿಕೆಗೆ ಲೆಕ್ಕಕ್ಕಿಲ್ಲ’. ನಾಲ್ಕನೇ ಹಂತದಲ್ಲಿ ಇದನ್ನು ಎಲ್ಲ ಸಂದರ್ಶನಗಳ ಎದುರು ಇಟ್ಟು ನೋಡುತ್ತಾರೆ. ಇನ್ನೊಬ್ಬ ವಿದ್ಯಾರ್ಥಿನಿ ಅದೇ ಬಿಪಿ ಸುತ್ತಿನಲ್ಲೇ ರೋಗಿಗಳ ಪರಿಚಯವಾಯಿತು, ಇನ್‌ಚಾರ್ಜ್ ಸಿಸ್ಟರ್ ಪ್ರತಿ ರೀಡಿಂಗ್ ಏಕೆ ಹಾಗಿದೆ ಎಂದು ಕೇಳುತ್ತಿದ್ದರು ಎಂದಿದ್ದಾಳೆಂದು ಇಟ್ಟುಕೊಳ್ಳಿ. ಅದನ್ನು ಅಪವಾದವೆಂದು ಬದಿಗಿಡುವಂತಿಲ್ಲ. ಪುನರಾವರ್ತನೆಯ ಕೆಲಸವೇ ಕಲಿಕೆಗೆ ಅಡ್ಡಿ ಎಂಬ ತಿಳಿವಳಿಕೆ ಆಗ ಬಿದ್ದುಹೋಗಿ, ‘ಯಾರಾದರೂ ಕಾರಣ ಕೇಳಿದಾಗ ಕೆಲಸ ಕಲಿಕೆಯಾಗುತ್ತದೆ’ ಎಂದು ಥೀಮ್ ಬದಲಾಗುತ್ತದೆ. ಐದನೆಯದು ಥೀಮಿನ ಎಲ್ಲೆ ಗುರುತಿಸಿ ಹೆಸರಿಡುವುದು, ಆರನೆಯದು ಬರವಣಿಗೆ.

ಮಿತಿ ಮತ್ತು ವರದಿ

2007ರಲ್ಲಿ ಬಂದ 32 ಅಂಶಗಳ ಕೊರೆಕ್ ಪಟ್ಟಿ ಸಂದರ್ಶಕರು ಯಾರು, ಭಾಗಿಗಳೊಂದಿಗೆ ಅವರ ಸಂಬಂಧವೇನು ಎಂಬುದನ್ನೂ ಬರೆಯಬೇಕೆನ್ನುತ್ತದೆ. ಅದರಲ್ಲಿ ಸಂತೃಪ್ತಿಯ ಅಂಶವೂ ಇರುವುದರಿಂದ ಆತ್ಮಾವಲೋಕಿ ವಿಶ್ಲೇಷಣೆ ಆಯ್ದವರು ಆ ಸಾಲನ್ನು ಸುಮ್ಮನೆ ತುಂಬದೆ, ಏಕೆ ಅನ್ವಯಿಸದು ಎಂದು ವಿವರಿಸಬೇಕಾಗುತ್ತದೆ. ಇಂಥ ಅಧ್ಯಯನದಿಂದ ಎಷ್ಟು ಶೇಕಡಾ ವಿದ್ಯಾರ್ಥಿಗಳಿಗೆ ತೊಂದರೆಯಿದೆಯೆಂದು ಹೇಳಲಾಗದು. ಯಾವ ವಾರ್ಡಿನಲ್ಲಿ, ಯಾರ ಯಾವ ನಡೆಯಿಂದ ಕೆಲಸ ಕಲಿಕೆಯಾಯಿತು ಎಂದು ಅದು ತೋರಿಸಬಲ್ಲದು. ಪೋಸ್ಟಿಂಗ್ ಯೋಜಿಸುವ ಕಾಲೇಜಿಗೆ ಬಳಕೆಗೆ ಬರುವ ಭಾಗವೂ ಅದೇ.