ಬೀದಿಬದಿಯ ದಿನಸಿ ಅಂಗಡಿಗೆ ಆ್ಯಪ್ ಬೇಕಾ, ವೆಬ್‌ಸೈಟ್ ಸಾಕಾ?

ಮೈಸೂರಲ್ಲಿ ನನಗೆ ಪರಿಚಯದ ದಿನಸಿ ಅಂಗಡಿಯವರೊಬ್ಬರಿದ್ದಾರೆ. ಎರಡು ಕಿಲೋಮೀಟರ್ ಒಳಗೆ ಸುಮಾರು ಇನ್ನೂರು ಮನೆ, ಒಂದು ಸ್ಕೂಟರ್, ಸಾಮಾನು ಕೊಟ್ಟು ಬರಲು ಒಬ್ಬ ಹುಡುಗ. ಹತ್ತು ನಿಮಿಷದ ಡೆಲಿವರಿ ಕಂಪನಿಗಳು ಬಂದ ಮೇಲೆ ಗಿರಾಕಿಗಳು ಕಮ್ಮಿಯಾಗ್ತಿದ್ದಾರೆ. 'ನಮಗೂ ಒಂದು ಆ್ಯಪ್ ಮಾಡಿಸ್ಬೇಕಲ್ವಾ ಸಾರ್?' ಅಂತ ಕೇಳಿದರು. ಬೇಡ, ಮೊಬೈಲಲ್ಲಿ ಸಲೀಸಾಗಿ ತೆರೆಯುವ ವೆಬ್‌ಸೈಟ್ ಸಾಕು ಅಂದೆ.

ಆ್ಯಪ್ ಮಾಡಿಸುವುದು ಒಮ್ಮೆಯ ಖರ್ಚು, ಸಾಕುವುದು ಪ್ರತಿ ವರ್ಷದ್ದು. ಪ್ಲೇ ಸ್ಟೋರ್ ನೋಂದಣಿಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99. ಅದಕ್ಕಿಂತ ದೊಡ್ಡ ತಲೆನೋವು ಬೇರೆಯೇ ಇದೆ: ಗೂಗಲ್ ವರ್ಷವರ್ಷ ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ಆ್ಯಪ್ ತಿದ್ದಲು ಹೇಳುತ್ತದೆ. ತಿದ್ದದಿದ್ದರೆ ಹೊಸ ಫೋನ್ ಕೊಂಡ ಹೊಸ ಗಿರಾಕಿಗೆ ಅದು ಸ್ಟೋರಿನಲ್ಲಿ ಸಿಗದೇ ಹೋಗಬಹುದು. ಅಷ್ಟೊತ್ತಿಗೆ ಬರೆದುಕೊಟ್ಟ ಹುಡುಗರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

ವಾರಕ್ಕೊಮ್ಮೆ ಅರ್ಧ ಕೆಜಿ ರವೆ ತರಿಸುವವರು ಅದಕ್ಕೆಂದೇ ಆ್ಯಪ್ ಇಳಿಸಿಕೊಳ್ಳುವುದೂ ಅನುಮಾನ. ಬೆಂಗಳೂರಿನ ಮಿಂತ್ರಾದಂಥ ಕಂಪನಿಯೇ 2015ರಲ್ಲಿ ವೆಬ್‌ಸೈಟ್ ಮುಚ್ಚಿ ಬರೀ ಆ್ಯಪ್ ಇಟ್ಟುಕೊಂಡು, 2016ರಲ್ಲಿ ವಾಪಸ್ ತೆರೆಯಿತು. ವೆಬ್‌ಸೈಟಾದರೆ ಗಲ್ಲಾಪೆಟ್ಟಿಗೆ ಪಕ್ಕ ಒಂದು ಕ್ಯೂಆರ್ ಕೋಡ್, ವಾಟ್ಸಾಪಲ್ಲಿ ಒಂದು ಲಿಂಕ್, ಅಷ್ಟೇ.

ತೊಡಕು ಇರುವುದು ದುಡ್ಡಿನ ವಿಷಯದಲ್ಲಿ. ವೆಬ್‌ಸೈಟಿನ ಬಟನ್‌ಗೆ ಇಂಥ ಲಿಂಕ್ ಕೊಟ್ಟರೆ ಯುಪಿಐ ಆ್ಯಪ್ ತೆರೆದುಕೊಳ್ಳುತ್ತದೆ (ವಿಳಾಸ ಉದಾಹರಣೆಗೆ ಮಾತ್ರ):

```
upi://pay?pa=shop@bank&pn=Shop&am=412.00&cu=INR&tn=Order57
```

ಆದರೆ ದುಡ್ಡು ನಿಜಕ್ಕೂ ಬಂತಾ ಅಂತ ವೆಬ್‌ಸೈಟಿಗೆ ಈ ಲಿಂಕಿನಿಂದ ಗೊತ್ತಾಗಲ್ಲ. ಗಿರಾಕಿ 'ಕಟ್ಟಿದೆ' ಅಂತ ಒತ್ತಿದ ತಕ್ಷಣ ಸಾಮಾನು ಕಳಿಸಿದರೆ ಒಂದಲ್ಲ ಒಂದು ದಿನ ಏಟು ಬೀಳುತ್ತೆ. ಪೇಮೆಂಟ್ ಗೇಟ್‌ವೇ ಹಾಕಿಸಿದರೆ ಖಾತ್ರಿ ತಾನಾಗಿ ಬರುತ್ತೆ, ಅದಕ್ಕೆ ಶುಲ್ಕ ಇರುತ್ತದೆ. ನಮ್ಮ ಅಂಗಡಿಯವರಿಗೆ ಹೇಳಿದ್ದು ಇಷ್ಟು: ಆರ್ಡರ್ ವೆಬ್‌ಸೈಟಲ್ಲಿ, ದುಡ್ಡು ಮನೆ ಬಾಗಿಲಲ್ಲಿ ಕ್ಯೂಆರ್ ತೋರಿಸಿ. ಬಂದಿದ್ದು ಅಂಗಡಿಯ ಸೌಂಡ್‌ಬಾಕ್ಸ್‌ನಲ್ಲಿ ಕೇಳಿಸುತ್ತೆ.

'ಸಾಮಾನು ಹೊರಟಿದೆ' ಅನ್ನೋ ಸಂದೇಶದಲ್ಲಿ ಆ್ಯಪಿನದೇ ಮೇಲುಗೈ, ಒಪ್ಪುತ್ತೇನೆ. ಐಫೋನಿನಲ್ಲಿ ವೆಬ್‌ಸೈಟಿನ ನೋಟಿಫಿಕೇಶನ್ ಬರಬೇಕಾದರೆ ಅದನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡಿರಲೇಬೇಕು. ಎಷ್ಟು ಜನ ಮಾಡ್ತಾರೆ? ಇನ್ನೂರು ಮನೆಗೆ ವಾಟ್ಸಾಪ್ ಸಂದೇಶವೇ ಸಾಕು.

ಮುಂದೆ ನಾಲ್ಕೈದು ಹುಡುಗರಾದರೆ ಆ್ಯಪ್ ಬೇಕಾಗಬಹುದು, ಅದೂ ಗಿರಾಕಿಗಲ್ಲ, ಆ ಹುಡುಗರಿಗೆ. ಫೋನ್ ಲಾಕ್ ಆಗಿ ಜೇಬಿಗೆ ಹೋದ ಮೇಲೆ ಬ್ರೌಸರ್ ಲೊಕೇಶನ್ ಕಳಿಸುವುದು ನಿಲ್ಲುತ್ತದೆ. ಆ್ಯಪ್ ಅನುಮತಿ ಪಡೆದು ಕಳಿಸುತ್ತಿರಬಲ್ಲದು.

ವೆಬ್‌ಸೈಟ್ ಮಾಡಿದವರಿಗೆ ಪೂರ್ತಿ ದುಡ್ಡು ಕೊಡುವ ಮುಂಚೆ ಮನೆಯಲ್ಲಿರುವ ಅತಿ ಹಳೇ ಫೋನಲ್ಲಿ, ವೈಫೈ ಆಫ್ ಮಾಡಿ ತೆರೆದು ನೋಡಿ. ಅಕ್ಕಿ, ಬೇಳೆ ಪಟ್ಟಿ ಕಾಣಿಸುವಷ್ಟರಲ್ಲಿ ಬೇಸರ ಬಂದರೆ ಫೋಟೋಗಳ ಗಾತ್ರ ಇಳಿಸೋಕೆ ಹೇಳಿ.