ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದರೆ ಮೊದಲು ಏನು ನೋಡಬೇಕು?

ಚಳಿ ಶುರುವಾಯಿತೆಂದರೆ ಹೊಸೂರು, ಕೃಷ್ಣಗಿರಿ ಕಡೆಯ ಮನೆಗಳಲ್ಲಿ ಇದೊಂದು ತಕರಾರು ಇದ್ದದ್ದೇ: ನಲ್ಲಿ ತಿರುಗಿಸಿದರೂ ಗೀಸರ್ ಹೊತ್ತಿಕೊಳ್ಳುವುದಿಲ್ಲ. ಈಗಿನ ಹೆಚ್ಚಿನ ಗೀಸರ್‌ಗಳಲ್ಲಿ ಸದಾ ಉರಿಯುವ ಪೈಲಟ್ ದೀಪವಿಲ್ಲ. ನೀರು ಹರಿದಾಗಲೇ ಕಿಡಿ ಹಾರುತ್ತದೆ. ಆದ್ದರಿಂದ ಮೊದಲು 'ಟಕ್ ಟಕ್' ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಳ್ಳಿ.

ಸದ್ದು ಬಂದೂ ಹೊತ್ತದಿದ್ದರೆ ಗ್ಯಾಸ್ ಬರುತ್ತಿಲ್ಲ ಎಂದೇ ಮೊದಲು ಅನುಮಾನಿಸಿ. ಹೊಸ ಸಿಲಿಂಡರ್ ಹಾಕಿದ ಮೇಲೆ ಪೈಪಿನಲ್ಲಿ ಗಾಳಿ ಉಳಿದಿರುವುದೂ ಉಂಟು. ಹೊತ್ತಿ, ಕೆಲವೇ ಕ್ಷಣದಲ್ಲಿ ಆರಿದರೆ ಸೆಲ್ ಸೋತಿರಬಹುದು. ಎರಡು ದೊಡ್ಡ ಸೆಲ್‌ಗಳನ್ನೂ ಒಟ್ಟಿಗೇ ಬದಲಿಸಿ; ಒಂದು ಹೊಸದು, ಒಂದು ಹಳೆಯದು ಬೇಡ.

ಸದ್ದೇ ಇಲ್ಲದಿದ್ದರೆ ತೊಂದರೆ ಹೆಚ್ಚಾಗಿ ಸೆಲ್ಲಿನಲ್ಲಿ ಅಥವಾ ನೀರಿನ ದಾರಿಯಲ್ಲಿ. ನೀರಿನ ಒತ್ತಡ ಡಯಾಫ್ರಾಮ್ ಎಂಬ ರಬ್ಬರ್ ಬಿಲ್ಲೆಯನ್ನು ತಳ್ಳುತ್ತದೆ, ಅದು ಒಂದು ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಗ್ಯಾಸ್ ತೆರೆದು ಪುಟ್ಟ ಸ್ವಿಚ್ಚನ್ನೂ ಚಾಲೂ ಮಾಡುತ್ತದೆ. (ಕೆಲವು ಹೊಸ ಮಾದರಿಗಳಲ್ಲಿ ಇದರ ಬದಲು ತಿರುಗುವ ಚಕ್ರದ ಸೆನ್ಸರ್ ಇರುತ್ತದೆ, ಮರಳು ಸಿಕ್ಕಿದರೆ ಅದು ನಿಂತುಬಿಡುತ್ತದೆ.)

ನಮ್ಮ ಹೊಸೂರಿನ ಸದಸ್ಯರೊಬ್ಬರ ಮನೆಯಲ್ಲಿ ಟ್ಯಾಂಕ್ ತುಂಬಿದ್ದಾಗ ಗೀಸರ್ ಒಮ್ಮೊಮ್ಮೆ ಹೊತ್ತುತ್ತಿತ್ತು, ಅರ್ಧಕ್ಕಿಳಿದರೆ ಇಲ್ಲ. ಹೊಸ ಸೆಲ್ ಹಾಕಿಯೂ ಆಗಿತ್ತು. ನೀರು ಒಳಬರುವ ಕಡೆಯ ಜಾಲರಿ ಬಿಚ್ಚಿದರೆ ಬೋರ್‌ವೆಲ್ ಮರಳು. ತೊಳೆದು ಹಾಕಿದ ಮೇಲೆ ನೀರು ಜೋರಾಯಿತು, ಸದ್ದು ಮಾತ್ರ ಬರಲಿಲ್ಲ. ಆಮೇಲೆ ರೆಗ್ಯುಲೇಟರ್ ಮುಚ್ಚಿ, ಗೀಸರಿನ ಮುಚ್ಚಳ ತೆಗೆದು, ಒಣ ಮರದ ಕಡ್ಡಿಯಿಂದ ಆ ಸ್ವಿಚ್ಚನ್ನು ಕೈಯಾರೆ ಆಡಿಸಿ ನೋಡಿದೆವು. ಕೂಡಲೇ ಟಕ್ ಟಕ್! ಅಂದರೆ ಸೆಲ್, ವೈರ್, ಕಿಡಿಯ ಪೆಟ್ಟಿಗೆ ಎಲ್ಲ ಸರಿಯಿವೆ. ಕಡ್ಡಿಯೇ ಮುಂದೆ ಬರುತ್ತಿಲ್ಲ. ಮೆಕ್ಯಾನಿಕ್ ಬಿಚ್ಚಿದಾಗ ಡಯಾಫ್ರಾಮ್ ಗಡಸು ನೀರಿನ ಬಿಳಿ ಪದರ ಕಟ್ಟಿ ಒರಟಾಗಿತ್ತು, ನಡುವೆ ಸಣ್ಣ ಸೀಳು ಬಿಟ್ಟಿತ್ತು. ಸೀಳಿನಿಂದ ಎರಡೂ ಬದಿಯ ಒತ್ತಡ ಸಮವಾಗಿಬಿಟ್ಟರೆ ಕಡ್ಡಿಯನ್ನು ತಳ್ಳುವುದಕ್ಕೆ ಬಲ ಉಳಿಯುವುದಿಲ್ಲ. ಹಳೆಯದನ್ನು ಅಂಗಡಿಗೆ ಕೊಂಡೊಯ್ದು ಅದೇ ಅಳತೆಯದು ತಂದು ಹಾಕಿದ್ದಾಯಿತು.

ಡಯಾಫ್ರಾಮ್ ಚೆನ್ನಾಗಿದ್ದೂ ಹೊತ್ತದಿದ್ದರೆ ಟ್ಯಾಂಕಿನ ಎತ್ತರ ನೋಡಿ. ಗೀಸರಿನ ಚೀಟಿಯಲ್ಲಿ ಕನಿಷ್ಠ ಒತ್ತಡ 0.02 ಎಂಪಿಎ ಎಂದಿದ್ದರೆ ನೀರಿನ ಮಟ್ಟ ಗೀಸರಿಗಿಂತ ಸುಮಾರು 2 ಮೀಟರ್ ಮೇಲಿರಬೇಕು. ಮೇಲ್ಮಹಡಿಯ ಬಚ್ಚಲುಮನೆಗಳಲ್ಲಿ ಇದೇ ಸಾಲದೆ ಬರುವುದು.

ಬೆಂಕಿಕಡ್ಡಿ ಗೀರಿ ಹೊತ್ತಿಸಲು ಹೋಗಬೇಡಿ. ಗ್ಯಾಸಿನ ಬದಿಯ ಸ್ಕ್ರೂಗಳು ಮೆಕ್ಯಾನಿಕ್‌ಗೇ ಇರಲಿ. ಕೆಲಸ ಮುಗಿದ ಮೇಲೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಲು ಹೇಳಿ. ಉರಿ ನೀಲಿ ಇರಬೇಕು. ಹಳದಿಯಾದರೆ ಕೂಡಲೇ ಆರಿಸಿ: ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.