ಮಧುಮೇಹದಲ್ಲಿ ಸಿಹಿಯ ಆಸೆ: ಹಬ್ಬದ ಪೇಡಾ, ಮೋದಕಕ್ಕೆ ಲೆಕ್ಕ ಇಡುವುದು ಹೇಗೆ?

ಪುಣೆಯಲ್ಲಿ ಗಣೇಶೋತ್ಸವ ಹತ್ತು ದಿನಗಳ ಹಬ್ಬ. ಆ ದಿನಗಳಲ್ಲಿ ಯಾರ ಮನೆಗೆ ಹೋದರೂ ಕೈಗೆ ಪ್ರಸಾದ ಬರುತ್ತದೆ, ಬಂದವರೂ ಡಬ್ಬಿ ಹಿಡಿದೇ ಬರುತ್ತಾರೆ. ಧಾರವಾಡದಿಂದ ಬಂದು ಶಿವಾಜಿನಗರದಲ್ಲಿ ನೆಲೆಸಿದ ಒಂದು ಮನೆಯನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಮನೆಯಾಕೆಗೆ 56 ವರ್ಷ. ಏಳು ವರ್ಷಗಳಿಂದ ಟೈಪ್ 2 ಮಧುಮೇಹವಿದ್ದು, ಮೆಟ್‌ಫಾರ್ಮಿನ್ ಮಾತ್ರೆ ಮಾತ್ರ ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಹಬ್ಬಕ್ಕೆ ಮೊದಲೇ ಅವರು ಸಿಹಿಯನ್ನು ಪೂರ್ತಿ ನಿಲ್ಲಿಸಿದ್ದರು. ನಾಲ್ಕು ದಿನ ಎಲ್ಲವೂ ಸರಿಯಾಗಿ ನಡೆಯಿತು. ಐದನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ ಮುಂದೆ ನಿಂತು, ತಮ್ಮ ಊರಿನಿಂದ ತಂದಿದ್ದ ಪೇಡಾದಲ್ಲಿ ಆರು ತಿಂದರು. ಮರುದಿನ ಬೆಳಗ್ಗೆ ಸಕ್ಕರೆ ಪರೀಕ್ಷಿಸಿಕೊಳ್ಳಲೂ ಅವರಿಗೆ ಮನಸ್ಸಾಗಲಿಲ್ಲ.

ಮಧುಮೇಹ ಇರುವ ಅನೇಕರಿಗೆ ಇದು ಪರಿಚಿತ ಕಥೆಯೇ. ‘ಇನ್ನು ಮುಂದೆ ಇಲ್ಲವೇ ಇಲ್ಲ’ ಎಂದುಕೊಂಡ ತಿನಿಸೇ ದಿನವಿಡೀ ತಲೆಯಲ್ಲಿ ಕೂರುತ್ತದೆ. ಒಮ್ಮೆ ನಿಯಮ ಮುರಿದರೆ, ಹೇಗೂ ಮುರಿದಾಯಿತಲ್ಲ ಎಂದು ಇನ್ನಷ್ಟು ತಿನ್ನುತ್ತೇವೆ. ಕದ್ದು ತಿಂದದ್ದಕ್ಕೆ ಅಳತೆಯಿಲ್ಲ, ಊಟದಲ್ಲಿ ಕಡಿತವೂ ಇಲ್ಲ. ಸಕ್ಕರೆ ಏರುವುದು ಅಲ್ಲಿಯೇ.

ಒಂದು ಪೇಡಾ ಎಂದರೆ ಎಷ್ಟು?

ರಕ್ತದ ಸಕ್ಕರೆಯನ್ನು ಮುಖ್ಯವಾಗಿ ಏರಿಸುವುದು ಊಟದಲ್ಲಿರುವ ಒಟ್ಟು ಪಿಷ್ಟ ಮತ್ತು ಸಕ್ಕರೆ, ಅಂದರೆ ಕಾರ್ಬೋಹೈಡ್ರೇಟ್. ಅದು ಪೇಡಾದಿಂದ ಬಂತೋ ಚಪಾತಿಯಿಂದ ಬಂತೋ ಎಂಬುದರಿಂದ ಏರಿಕೆಯ ವೇಗದಲ್ಲಿ ವ್ಯತ್ಯಾಸವಾಗಬಹುದು, ಆದರೆ ಎರಡನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಹಾಗಾಗಿ ಸಿಹಿಯನ್ನು ಊಟದ ಮೇಲೆ ಸೇರಿಸಬಾರದು. ಊಟದ ಒಂದು ಭಾಗವನ್ನು ತೆಗೆದು ಆ ಜಾಗಕ್ಕೆ ಸಿಹಿಯನ್ನು ಇಡಬೇಕು.

ಅದಕ್ಕೆ ಮೊದಲು ಒಂದರ ತೂಕ ಗೊತ್ತಾಗಬೇಕು. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೂ ಅಡ್ಡಿಯಿಲ್ಲ, ಡಬ್ಬಿಯಲ್ಲಿರುವ ತುಂಡುಗಳನ್ನು ಎಣಿಸಿ. ಕಾಲು ಕಿಲೋ ಡಬ್ಬಿಯಲ್ಲಿ ಹತ್ತು ಪೇಡಾ ಇದ್ದರೆ ಒಂದು 25 ಗ್ರಾಂ. ಅಷ್ಟು ತೂಕದ ಪೇಡಾದಲ್ಲಿ ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ ಎಂದು ಹಿಡಿಯಬಹುದು. ಚಿಕ್ಕದೊಂದು ಚಪಾತಿಯಲ್ಲಿ ಅಥವಾ ಅರ್ಧ ಬಟ್ಟಲು ಅನ್ನದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಅಕ್ಕಿ ಹಿಟ್ಟಿನ ಹೊದಿಕೆ, ಕಾಯಿ-ಬೆಲ್ಲದ ಹೂರಣ ಇರುವ ಹಬೆಯ ಮೋದಕ ದೊಡ್ಡದಿದ್ದರೆ ಅದು ಒಂದೂವರೆ ಪೇಡಾಕ್ಕೆ ಸಮ. ಅಂಗಡಿಯಿಂದ ಅಂಗಡಿಗೆ ಗಾತ್ರ, ಸಕ್ಕರೆ ಎರಡೂ ಬದಲಾಗುವುದರಿಂದ ಇವೆಲ್ಲ ಅಂದಾಜುಗಳು. ಕೊನೆಯ ಮಾತು ನಿಮ್ಮ ಗ್ಲುಕೋಮೀಟರ್‌ನದು.

ಬೆಲ್ಲದ್ದಾದರೆ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಲ್ಲವೂ ಬಹುತೇಕ ಸಕ್ಕರೆಯೇ, ಅದರಿಂದಲೂ ಸಕ್ಕರೆಯ ಮಟ್ಟ ಏರುತ್ತದೆ. ‘ಶುಗರ್ ಫ್ರೀ’ ಎಂದು ಬರೆದ ಮಿಠಾಯಿಯಲ್ಲೂ ಖೋವಾ, ಮೈದಾ, ತುಪ್ಪ ಇರಬಹುದು. ಆ ಹೆಸರು ನೋಡಿ ನಾಲ್ಕು ತಿಂದರೆ, ಸಾದಾ ಪೇಡಾ ಒಂದು ತಿಂದದ್ದಕ್ಕಿಂತ ಹೆಚ್ಚೇ ಆದೀತು.

ಈ ವರ್ಷದ ಯೋಜನೆ

ಅದೇ ಮನೆಯಾಕೆ ಈ ಬಾರಿ ಹಬ್ಬಕ್ಕೆ ಮುಂಚೆ ವೈದ್ಯರೊಂದಿಗೆ ಮಾತನಾಡಿ, ಹತ್ತು ದಿನಗಳಲ್ಲಿ ತಮಗೆ ನಿಜವಾಗಿ ಬೇಕಾದ ಸಿಹಿ ಯಾವುದು ಎಂದು ಆರಿಸಿಕೊಳ್ಳುತ್ತಾರೆ: ಮೊದಲ ದಿನ ಮನೆಯ ಒಂದು ಮೋದಕ, ಮುಂದೆ ಎರಡು ಬೇರೆ ಬೇರೆ ದಿನ ಒಂದೊಂದು ಧಾರವಾಡ ಪೇಡಾ, ಕೊನೆಯ ದಿನ ಅರ್ಧ ಹೋಳಿಗೆ. ಅಂಗಡಿಯ ಬಣ್ಣದ ಬರ್ಫಿ ಅವರ ಪಟ್ಟಿಯಲ್ಲಿಲ್ಲ, ಏಕೆಂದರೆ ಅದು ಅವರಿಗೆ ಅಷ್ಟು ಇಷ್ಟವೇ ಇಲ್ಲ. ಎದುರಿಗಿದೆ ಎಂಬ ಒಂದೇ ಕಾರಣಕ್ಕೆ ನಾವು ತಿನ್ನುವ ಸಿಹಿ ಎಷ್ಟಿದೆ ಎಂದು ಇಂಥ ಪಟ್ಟಿ ಬರೆದಾಗಲೇ ತಿಳಿಯುವುದು.

ಜಾಗವನ್ನು ಅವರು ಚಹಾದಿಂದಲೂ ಹೊಂದಿಸುತ್ತಾರೆ. ದಿನಕ್ಕೆ ಮೂರು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 30 ಗ್ರಾಂ ಆಯಿತು. ಹೀಗೆ ಸೇರುವ ಸಕ್ಕರೆಯನ್ನು ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ. 5ಕ್ಕಿಂತ ಕಡಿಮೆ ಇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ ಶೇ. 5 ಎಂದರೆ 25 ಗ್ರಾಂ. ಪೇಡಾ ಮುಟ್ಟದೆಯೂ ಚಹಾ ಒಂದರಿಂದಲೇ ಅದು ದಾಟಿಹೋಗಿದೆ! ಚಹಾದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ಪೇಡಾ ತಿನ್ನುವ ದಿನ ಮಧ್ಯಾಹ್ನದ ಊಟ ಹೀಗಿರುತ್ತದೆ. ಎಂದಿನ ಎರಡು ಚಪಾತಿಯ ಬದಲು ಒಂದು. ಮೊದಲು ಕೋಸಂಬರಿ, ಪಲ್ಯ, ಮೊಳಕೆ ಕಾಳಿನ ಉಸಳಿ, ಆಮೇಲೆ ಚಪಾತಿ, ಕೊನೆಗೆ ಪೇಡಾ. ತರಕಾರಿ, ಕಾಳು ಮೊದಲು ಹೊಟ್ಟೆ ಸೇರಿದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ಒಂದೇ ಪೇಡಾವನ್ನು ತಟ್ಟೆಗೆ ಹಾಕಿಕೊಂಡು, ಡಬ್ಬಿಯನ್ನು ಮುಚ್ಚಿಟ್ಟ ಮೇಲೆ ಕುಳಿತು ತಿನ್ನುತ್ತಾರೆ. ನಂತರ ಹದಿನೈದು ನಿಮಿಷ ನಡಿಗೆ.

ಊಟಕ್ಕೆ ಮುಂಚೆ ಸಕ್ಕರೆ 118 ಇತ್ತು, ಊಟ ಶುರು ಮಾಡಿದ ಎರಡು ಗಂಟೆಗೆ 168 ಬಂತು ಎಂದುಕೊಳ್ಳಿ. ಆ ಹೊತ್ತಿಗೆ 180ರೊಳಗೆ ಇರಬೇಕೆಂಬುದು ಹೆಚ್ಚಿನ ವಯಸ್ಕರಿಗೆ ಇಡುವ ಗುರಿ. ಹಾಗಾಗಿ ಈ ಅಳತೆ ಅವರಿಗೆ ಸರಿಹೋಗಿದೆ. ಅದೇ ಪೇಡಾವನ್ನು ಸಂಜೆ ಖಾಲಿ ಹೊಟ್ಟೆಯಲ್ಲಿ ಸಿಹಿ ಚಹಾದ ಜೊತೆ ತಿಂದ ದಿನ 205 ಬಂದರೆ, ಎಡವಿದ್ದು ಹೊತ್ತು ಮತ್ತು ಜೊತೆಯ ಚಹಾ ಎಂದು ತಿಳಿಯುತ್ತದೆ. ಊಟದೊಂದಿಗೆ ತಿಂದರೂ 180 ದಾಟುತ್ತಿದ್ದರೆ ಪೇಡಾ ಅರ್ಧವಾಗಬೇಕು.

ಉಳಿದ ದಿನಗಳ ಪ್ರಸಾದಕ್ಕೆ ಉಗುರಿನಷ್ಟು ಸಾಕು, ಅದನ್ನು ಯಾರೂ ಅಳೆಯುವುದಿಲ್ಲ. ಕಷ್ಟವಾಗುವುದು ಮನೆಯವರ ಪ್ರೀತಿ. “ಒಂದ ತಿಂದ್ರ ಏನಾಗ್ತದ, ತಗೋರಿ ಅಕ್ಕಾರ” ಎಂದು ತಮ್ಮನ ಹೆಂಡತಿ ತಟ್ಟೆ ಮುಂದಿಟ್ಟಾಗ, “ನಂದು ನಾಳೆ ಊಟದಾಗ ಐತಿ, ನನ್ನ ಪಾಲಿಂದು ತಗದಿಡು” ಎನ್ನುವುದು ಬೇಡ ಎನ್ನುವುದಕ್ಕಿಂತ ಸುಲಭ. ಆರೈಕೆ ಮಾಡುವವರು ಹಾಗೆ ತೆಗೆದಿಟ್ಟು, ಉಳಿದ ಡಬ್ಬಿಯನ್ನು ಹಂಚಿಬಿಟ್ಟರೆ ದೊಡ್ಡ ಸಹಾಯ. ಕಾವಲು ಕಾಯುವುದು, ಬೈಯುವುದು ಮತ್ತೆ ಕದ್ದು ತಿನ್ನುವುದಕ್ಕೇ ದಾರಿ.

ಯಾರಿಗೆ ಈ ಲೆಕ್ಕ ಹೊಂದುವುದಿಲ್ಲ?

ಸಕ್ಕರೆ ಈಗಾಗಲೇ ಬಹಳ ಏರಿದ್ದು ಪದೇ ಪದೇ ಬಾಯಾರಿಕೆ, ಮೂತ್ರ, ತೂಕ ಇಳಿಕೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು, ಸಿಹಿಯ ಯೋಜನೆ ಆಮೇಲೆ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ಪ್ರಮಾಣವನ್ನು ವೈದ್ಯರು ಅಥವಾ ಆಹಾರ ತಜ್ಞರಿಂದಲೇ ಗೊತ್ತುಮಾಡಿಕೊಳ್ಳಬೇಕು. ಸಿಹಿ ತಿಂದೆನೆಂದು ನೀವಾಗಿಯೇ ಒಂದು ಮಾತ್ರೆ ಹೆಚ್ಚು ನುಂಗಬೇಡಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಸಿಹಿ ಬೇಕೆನಿಸಿ, ಜೊತೆಗೆ ಕೈ ನಡುಕ, ಬೆವರು, ಎದೆ ಡವಡವ ಇದ್ದರೆ ಅದು ಬರೀ ಬಾಯಿಚಪಲ ಆಗಿರಲಿಕ್ಕಿಲ್ಲ, ಸಕ್ಕರೆ ಕುಸಿದಿರಬಹುದು. ಕೂಡಲೇ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಪರೀಕ್ಷಿಸಲು ಆಗದಿದ್ದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷದ ನಂತರ ಮತ್ತೆ ನೋಡಿ. ಆಗಲೂ ಕಡಿಮೆ ಇದ್ದರೆ ಅಷ್ಟೇ ಸಕ್ಕರೆ ಇನ್ನೊಮ್ಮೆ. ಈ ಹೊತ್ತಿಗೆ ಪೇಡಾ ಉಪಯೋಗಕ್ಕೆ ಬರುವುದಿಲ್ಲ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.